ಜ್ವರ ಬಿಟ್ಟ ದಿನವೇ ಮೈಮೇಲೆ ದದ್ದು ಎದ್ದರೆ

ಪ್ರಶ್ನೆ: ಹರಿಹರದ ತಾಯಿ

ಮೇಡಂ, ಮಗನಿಗೆ 14 ತಿಂಗಳು. ಮೂರು ದಿನ 103ರವರೆಗೂ ಜ್ವರ ಇತ್ತು. ಎರಡನೇ ದಿನ ಇಲ್ಲೇ ತೋರಿಸಿದ್ವಿ, ಆಂಟಿಬಯೋಟಿಕ್ ಸಿರಪ್ ಕೊಟ್ರು. ಇವತ್ತು ಬೆಳಿಗ್ಗೆ ಜ್ವರ ಪೂರ್ತಿ ಬಿಟ್ಟೈತೆ, ಆದ್ರೆ ಎದೆ, ಬೆನ್ನ ತುಂಬ ಸಣ್ಣ ಸಣ್ಣ ಕೆಂಪು ದದ್ದು ಎದ್ದಾವೆ. ಅತ್ತೆಯವರು ‘ಅಮ್ಮ ಬಂದೈತೆ, ಔಷಧಿ ನಿಲ್ಸು’ ಅಂತಾರೆ. ನನಗೆ ಸಿರಪ್ ಆಗಿಬರ್ಲಿಲ್ಲ ಅನ್ನೋ ಅನುಮಾನ. ಈಗ್ಲೇ ದಾವಣಗೆರೆಗೆ ಕರ್ಕೊಂಡು ಬರಬೇಕಾ?

ಔಷಧಿ ಅಂಗಡಿಯವರು, ಜಗಳೂರು

ಗಾಜಿನ ಲೋಟ ತಗೊಂಡು ದದ್ದಿನ ಮೇಲೆ ಒತ್ತಿ ನೋಡಿ ಅಕ್ಕ. ಒತ್ತಿದಾಗ ಕೆಂಪು ಮಾಯ ಆದ್ರೆ ವೈರಲ್, ಏನೂ ಚಿಂತೆ ಇಲ್ಲ. ಮಾಯ ಆಗದಿದ್ರೆ ಮಾತ್ರ ಆಸ್ಪತ್ರೆ.

ಮಕ್ಕಳ ವೈದ್ಯೆ, ದಾವಣಗೆರೆ

ಲೋಟದ ಪರೀಕ್ಷೆ ಸರಿಯಾದದ್ದೇ, ಆದರೆ ಅರ್ಧ ಮಾತ್ರ. ಒತ್ತಿದಾಗ ಮಾಯವಾಗದ ಚುಕ್ಕೆ ಅಂದರೆ ಚರ್ಮದೊಳಗೆ ರಕ್ತ ಜಿನುಗಿದೆ ಅಂತ ಅರ್ಥ, ಅದು ಅಪಾಯದ ಗುರುತು. ಮಾಯವಾದರೆ ಅಪಾಯ ಇಲ್ಲ ಅಂತ ಮಾತ್ರ ಹೇಳಲಾಗದು. ದಡಾರದ ದದ್ದೂ ಒತ್ತಿದರೆ ಮಾಯವಾಗುತ್ತೆ, ಡೆಂಗಿಯಲ್ಲಿ ಮೈ ಕೆಂಪಾದದ್ದೂ ಹಾಗೇ.

ನೀವು ಬರೆದ ಕ್ರಮ ನೋಡಿದರೆ ಮೊದಲು ನೆನಪಾಗೋದು ರೋಸಿಯೋಲ. ಆರು ತಿಂಗಳಿಂದ ಎರಡು ವರ್ಷದೊಳಗಿನ ಮಕ್ಕಳಿಗೆ ಬರೋ ವೈರಸ್ ಜ್ವರ ಅದು. ಮೂರರಿಂದ ಐದು ದಿನ ಜೋರು ಜ್ವರ, ಆಮೇಲೆ ಜ್ವರ ತಟ್ಟನೆ ಇಳಿಯುತ್ತೆ, ಇಳಿದ ಮೇಲೆ ಎದೆ, ಬೆನ್ನಿನಲ್ಲಿ ದದ್ದು ಏಳುತ್ತೆ. ತುರಿಕೆ ಇರಲ್ಲ, ಒಂದೆರಡು ದಿನದಲ್ಲಿ ತಾನೇ ಹೋಗುತ್ತೆ. ದಡಾರ ಇದಕ್ಕೆ ಉಲ್ಟಾ: ದದ್ದು ಕಿವಿಯ ಹಿಂದಿನಿಂದ, ಮುಖದಿಂದ ಶುರುವಾಗಿ ಕೆಳಕ್ಕೆ ಇಳಿಯುತ್ತೆ, ದದ್ದು ಏಳೋ ಹೊತ್ತಿಗೆ ಜ್ವರ ಇನ್ನೂ ಏರುತ್ತೆ, ಕಣ್ಣು ಕೆಂಪಾಗಿ ಮೂಗು ಸುರೀತಿರುತ್ತೆ. ಅತ್ತೆಯವರು ಹೇಳೋ ಅಮ್ಮ ಆಗಿದ್ದರೆ ನೀರು ತುಂಬಿದ ಗುಳ್ಳೆ ಇರಬೇಕು, ಒಂದು ಹೊಸದು, ಒಂದು ಒಣಗಿದ್ದು, ಹೀಗೆ ಬೇರೆ ಬೇರೆ ಹಂತದಲ್ಲಿ.

ನನಗೆ ಯೋಚನೆ ಇರೋದು ಬೇರೆ. ಡೆಂಗಿಯಲ್ಲೂ ಜ್ವರ ಬಿಡೋದು ಮೂರನೇ ದಿನದಿಂದ ಏಳನೇ ದಿನದೊಳಗೆ. ಅಲ್ಲಿ ಜ್ವರ ಬಿಟ್ಟ ಮೇಲಿನ ಒಂದೆರಡು ದಿನವೇ ಗಂಡಾಂತರದ ಹೊತ್ತು. ರಕ್ತನಾಳದಿಂದ ನೀರಿನಂಶ ಸೋರಿ ಮಗು ಒಳಗೊಳಗೇ ಬತ್ತುತ್ತೆ, ಮುಟ್ಟಿ ನೋಡಿದವರು ‘ಮೈ ತಣ್ಣಗಾಯ್ತು, ವಾಸಿಯಾಯ್ತು’ ಅಂತ ಮಲಗಿಸಿಬಿಡ್ತಾರೆ. ರೋಸಿಯೋಲದ ಮಗು ಜ್ವರ ಬಿಟ್ಟ ತಕ್ಷಣ ಆಟಕ್ಕೆ ಇಳಿಯುತ್ತೆ, ಊಟ ಕೇಳುತ್ತೆ. ಡೆಂಗಿ ಬಿಗಡಾಯಿಸುತ್ತಿರುವ ಮಗು ಜ್ವರ ಬಿಟ್ಟ ಮೇಲೆ ಇನ್ನೂ ಮಂಕಾಗುತ್ತೆ. ದದ್ದಿಗಿಂತ ಈ ವ್ಯತ್ಯಾಸವೇ ಹೆಚ್ಚು ಹೇಳುತ್ತೆ.

ಈಗ ಮಗುವಿನ ಬಟ್ಟೆ ಪೂರ್ತಿ ಬಿಚ್ಚಿ ಕಿಟಕಿ ಬೆಳಕಿಗೆ ತನ್ನಿ, ಟ್ಯೂಬ್‌ಲೈಟ್ ಕೆಳಗೆ ನೋಡಬೇಡಿ. ನಮ್ಮ ಮಕ್ಕಳ ಮೈಬಣ್ಣದಲ್ಲಿ ರಕ್ತದ ಚುಕ್ಕೆ ಸುಲಭಕ್ಕೆ ಕಾಣಲ್ಲ, ಹೊಟ್ಟೆ, ಅಂಗೈ, ಅಂಗಾಲು, ಕಣ್ಣಿನ ಕೆಳರೆಪ್ಪೆ ಒಳಗೆ ಕೂಡ ನೋಡಿ. ಆಮೇಲೆ ಎದೆಯ ನಡುವೆ ಬೆರಳಿಂದ ಐದು ಸೆಕೆಂಡ್ ಒತ್ತಿ ಬಿಡಿ, ಬಿಳಿಚಿದ ಜಾಗ ಎರಡು ಸೆಕೆಂಡಿನೊಳಗೆ ಮತ್ತೆ ಮೊದಲಿನ ಬಣ್ಣಕ್ಕೆ ಬರಬೇಕು. ಕೈಕಾಲು ತಣ್ಣಗಿದೆಯಾ, ಕೊನೇ ಸಲ ಉಚ್ಚೆ ಹೊಯ್ದದ್ದು ಎಷ್ಟು ಹೊತ್ತಿಗೆ, ವಾಂತಿ ಇದೆಯಾ, ಹೊಟ್ಟೆ ಮುಟ್ಟಿದರೆ ಅಳುತ್ತಾ, ನೋಡಿ ಬರೀರಿ.

ಸಿರಪ್ ವಿಷಯ: ಮುಂದಿನ ಡೋಸ್ ಕೊಡಬೇಡಿ, ಬಾಟಲಿ ಎಸೆಯಬೇಡಿ, ತೋರಿಸೋಕೆ ಬೇಕು. ಎರಡನೇ ದಿನ ಔಷಧಿ, ನಾಲ್ಕನೇ ದಿನ ದದ್ದು ಅಂದಾಗ ಎಲ್ಲರೂ ಔಷಧಿಯನ್ನೇ ಬೈತಾರೆ. ಔಷಧಿಯಿಂದ ಎದ್ದದ್ದಾದರೆ ಸಾಮಾನ್ಯವಾಗಿ ತುರಿಕೆ ಇರುತ್ತೆ, ಗಂಧೆ ತರ ಉಬ್ಬಿರಬಹುದು. ತುಟಿ, ಕಣ್ಣು ಊದಿದರೆ, ಉಸಿರಾಟ ಕಷ್ಟವಾದರೆ, ಬಾಯೊಳಗೆ ಹುಣ್ಣಾದರೆ, ಚರ್ಮ ಸುಲಿದರೆ ಇಲ್ಲಿ ಬರೆಯುತ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.

ಹೊಳಲ್ಕೆರೆಯ ಅಪ್ಪ

ನಮ್ಮ ಮಗಳಿಗೂ ಇದೇ ಮೇಡಂ. ಅಂಗೈ, ಅಂಗಾಲು, ಬಾಯೊಳಗೆ ಗುಳ್ಳೆ, ಅಂಗನವಾಡಿಯಲ್ಲಿ ಇನ್ನೂ ನಾಲ್ಕು ಮಕ್ಕಳಿಗೆ ಆಗೈತೆ. ಇದಕ್ಕೂ ಡೆಂಗಿ ಟೆಸ್ಟ್ ಮಾಡಿಸಬೇಕಾ?

ಮಕ್ಕಳ ವೈದ್ಯೆ

ಅದು ಇದೇ ಅಲ್ಲ ಸರ್, ನೀವು ಹೇಳೋದು ಕೈ, ಕಾಲು, ಬಾಯಿ ಹುಣ್ಣಿನ ವೈರಸ್. ಟೆಸ್ಟ್ ಬೇಡ. ತಣ್ಣನೆ ಮಜ್ಜಿಗೆ, ಎಳನೀರು ಕುಡಿಸಿ, ಖಾರ ಬೇಡ. ನೀರೇ ಕುಡಿಯದಿದ್ದರೆ ತೋರಿಸಿ.

ಹರಿಹರದ ತಾಯಿ

ಮೇಡಂ, ಎದೆ ಬೆನ್ನಿನ ದದ್ದು ಲೋಟ ಒತ್ತಿದ್ರೆ ಮಾಯ ಆಗ್ತಾವೆ. ಕೈಕಾಲು ಬೆಚ್ಚಗೈತೆ, ಬೆಳಿಗ್ಗೆ 6ಕ್ಕೆ ಮತ್ತೆ 10 ಗಂಟೆಗೆ ಉಚ್ಚೆ ಹೊಯ್ದ. ಅರ್ಧ ಇಡ್ಲಿ ತಿಂದ, ಓಡಾಡ್ತಾನೆ. ಆದ್ರೆ ಬಲಗಾಲಿನ ಮೊಣಕಾಲಿಗಿಂತ ಕೆಳಗೆ ಎರಡು ಚುಕ್ಕೆ ಒತ್ತಿದ್ರೂ ಹೋಗ್ತಿಲ್ಲ. ಸೊಳ್ಳೆ ಕಚ್ಚಿದ್ದು ಅಂತ ಇವರು ಅಂತಾರೆ.

ಔಷಧಿ ಅಂಗಡಿಯವರು

ಎರಡೇ ಚುಕ್ಕೆ ತಾನೆ, ಓಡಾಡ್ತಾನೆ ಅಂದ್ಮೇಲೆ ಸಂಜೆವರೆಗೂ ಕಾಯಬಹುದು. ಮತ್ತೆ ಜ್ವರ ಬಂದ್ರೆ ಮೆಫೆನಾಮಿಕ್ ಸಿರಪ್ ಬೇಗ ಇಳಿಸುತ್ತೆ.

ಮಕ್ಕಳ ವೈದ್ಯೆ

ದಯವಿಟ್ಟು ಬೇಡ. ಡೆಂಗಿ ಅಲ್ಲ ಅಂತ ಆಗೋವರೆಗೆ ಮೆಫೆನಾಮಿಕ್, ಐಬುಪ್ರೊಫೆನ್ ಎರಡೂ ಮುಟ್ಟಬೇಡಿ, ರಕ್ತಸ್ರಾವ ಹೆಚ್ಚಿಸುತ್ತವೆ. ಪ್ಯಾರಾಸಿಟಮಾಲ್ ಒಂದೇ, ಅದೂ ಜ್ವರ ಬಂದರೆ ಮಾತ್ರ, ಮಗುವಿನ ತೂಕಕ್ಕೆ ಲೆಕ್ಕ ಹಾಕಿ.

ಸೊಳ್ಳೆ ಕಚ್ಚಿದ ಗುರುತು ಬೆರಳಿಗೆ ಉಬ್ಬಾಗಿ ಸಿಗುತ್ತೆ, ನಡುವೆ ಚುಚ್ಚಿದ ತುದಿ ಇರುತ್ತೆ. ರಕ್ತದ ಚುಕ್ಕೆ ಸವರಿದರೆ ಮಟ್ಟಸ. ಜೋರಾಗಿ ಕೆಮ್ಮಿದ, ವಾಂತಿ ಮಾಡಿದ ಮಗುವಿಗೆ ಮುಖ, ಕುತ್ತಿಗೆಯಲ್ಲಿ ಇಂಥ ಚುಕ್ಕೆ ಬಂದರೆ ಅಷ್ಟು ಗಾಬರಿ ಇಲ್ಲ, ಕಾಲಿನಲ್ಲಿದ್ದರೆ ಆ ಸಮಾಧಾನ ಸಿಗಲ್ಲ. ಆ ಎರಡರ ಸುತ್ತ ಪೆನ್ನಿನಿಂದ ಗೆರೆ ಹಾಕಿ, ಈಗಲೇ ಹೊರಡಿ. ಸಂಜೆಗೆ ಬೇಡ. ದಾರಿಯಲ್ಲಿ ಹೊಸ ಚುಕ್ಕೆ ಕಂಡರೆ, ಚುಕ್ಕೆ ದೊಡ್ಡದಾಗಿ ನೇರಳೆ ಕಲೆಯಾದರೆ, ಮಗು ಜೋಲು ಬಿದ್ದರೆ ಕ್ಲಿನಿಕ್ ಸಾಲಿನಲ್ಲಿ ನಿಲ್ಲದೆ ನೇರ ಜಿಲ್ಲಾ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಮೆನಿಂಗೊಕಾಕಸ್ ಅನ್ನೋ ಸೋಂಕಿನಲ್ಲಿ ಕೆಲವೇ ಗಂಟೆ ಸಿಗೋದು, ಅಪರೂಪದ್ದೇ ಆದರೂ ಚುಕ್ಕೆ ಹರಡುತ್ತಿದ್ದರೆ ಅದನ್ನೇ ಮೊದಲು ಅಂದುಕೊಳ್ಳಬೇಕು.

ಹರಿಹರದ ತಾಯಿ (ಸಂಜೆ)

ತೋರಿಸಿದ್ವಿ ಮೇಡಂ. ಪ್ಲೇಟ್ಲೆಟ್ 2,10,000, ಪಿಸಿವಿ 33, ಡೆಂಗಿ ಎನ್‌ಎಸ್1 ನೆಗೆಟಿವ್. ಹೊಸ ಚುಕ್ಕೆ ಬಂದಿಲ್ಲ, ಮೊದಲಿನ ಎರಡು ಗೆರೆಯೊಳಗೇ ಅದಾವೆ. ರೋಸಿಯೋಲ ಇರಬಹುದು ಅಂದ್ರು. ಆದ್ರೆ ಕಾರ್ಡ್ ಮೇಲೆ ‘ಆ ಸಿರಪ್ ಅಲರ್ಜಿ’ ಅಂತ ಬರೆದು ಕೊಟ್ಟಾರೆ.

ಮಕ್ಕಳ ವೈದ್ಯೆ

ಪ್ಲೇಟ್ಲೆಟ್, ಪಿಸಿವಿ ಎರಡೂ ಚೆನ್ನಾಗಿವೆ. ಪಿಸಿವಿ ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು ಎಷ್ಟು ಅನ್ನೋ ಲೆಕ್ಕ, ನೀರಿನಂಶ ಸೋರಿದರೆ ಅದು ಏರುತ್ತೆ. ಎನ್‌ಎಸ್1 ನಾಲ್ಕನೇ ದಿನ ನೆಗೆಟಿವ್ ಬಂದರೂ ಡೆಂಗಿ ಪೂರ್ತಿ ಇಲ್ಲ ಅಂತಾಗದು, ಅದಕ್ಕೇ ನಾಳೆ ಬೆಳಿಗ್ಗೆ ಒಮ್ಮೆ ಅದೇ ಲ್ಯಾಬಿನಲ್ಲಿ ಪ್ಲೇಟ್ಲೆಟ್, ಪಿಸಿವಿ ಮತ್ತೆ ನೋಡಿಸಿ. ಪಿಸಿವಿ ಏರುತ್ತಾ, ಪ್ಲೇಟ್ಲೆಟ್ ಇಳಿಯುತ್ತಾ ಇದ್ದರೆ ಅಡ್ಮಿಟ್ ಮಾಡಬೇಕಾಗುತ್ತೆ. ಇವತ್ತು ರಾತ್ರಿ ಆರು ತಾಸಿಗಿಂತ ಹೆಚ್ಚು ಹೊತ್ತು ಉಚ್ಚೆ ಇಲ್ಲದಿದ್ದರೆ ಬೆಳಗಾಗೋದು ಕಾಯಬೇಡಿ.

ಆ ಎರಡು ಚುಕ್ಕೆ ಯಾವುದು ಅಂತ ಫೋನಿನಲ್ಲಿ ಹೇಳಲಾರೆ. ಅಲರ್ಜಿ ಮಾತು ನನಗೆ ಒಪ್ಪಿಗೆಯಿಲ್ಲ, ಆದರೆ ಮಗುವನ್ನು ಕಣ್ಣಾರೆ ನೋಡಿದವರು ಅವರು. ಒಂದೆರಡು ತಿಂಗಳು ಕಳೆದ ಮೇಲೆ ಮಕ್ಕಳ ವೈದ್ಯರ ಹತ್ತಿರ ಈ ಕಾರ್ಡ್, ದದ್ದಿನ ಫೋಟೋ ಎರಡೂ ತೋರಿಸಿ ಕೇಳಿ. ಸುಮ್ಮನೆ ಬಿಟ್ಟರೆ ಕಾರ್ಡಿನ ಆ ಮಾತು ದೊಡ್ಡವನಾದ ಮೇಲೂ ಉಳಿದು, ಬೇಕಾದ ಔಷಧಿಯನ್ನು ತಪ್ಪಿಸುತ್ತೆ.

ಹರಿಹರದ ತಾಯಿ

ಸರಿ ಮೇಡಂ. ದದ್ದು ಕುತ್ತಿಗೆಗೂ ಬಂದಾವೆ ಈಗ, ಒತ್ತಿದ್ರೆ ಹೋಗ್ತಾವೆ. 8 ಗಂಟೆಗೆ ಉಚ್ಚೆ ಹೊಯ್ದ. ನಾಳೆ ರಿಪೋರ್ಟ್ ಹಾಕ್ತೀನಿ.