ಹಬ್ಬದ ವೀವ್ಸ್ ನಂಬಿ ಎಡಿಟರ್ ಇಟ್ಟುಕೊಳ್ಳಬಹುದಾ?

ಕೇಳಿದ್ದು: "ಕಾಗದದ ಅಲಂಕಾರ ಮಾಡುವ ವಿಡಿಯೋ ಹಾಕುತ್ತೇನೆ. ಹಬ್ಬದ ತಿಂಗಳಲ್ಲಿ ವೀವ್ಸ್ ಮೂರು ಪಟ್ಟಾಗಿದೆ. ಇದರಲ್ಲಿ ನಿಲ್ಲುವುದೆಷ್ಟು, ಹೋಗುವುದೆಷ್ಟು? ಅನುಭವ ಇದ್ದವರು ಹೇಳಿ."

ಹೊಲಿಗೆಯಕ್ಕ: ನಿಲ್ಲುವುದಿಲ್ಲ. ನಮ್ಮದು ಇಬ್ಬರ ಚಾನೆಲ್. ಹಬ್ಬದ ಗ್ರಾಫ್ ತೋರಿಸಿ, ಹಟ ಹಿಡಿದು ನನ್ನ ಜೊತೆಗಾರ್ತಿ ಎಡಿಟರ್ ಗೊತ್ತು ಮಾಡಿದಳು. ನವೆಂಬರ್‌ನಲ್ಲಿ ಅವರ ಸಂಬಳ ನಮ್ಮ ಆದಾಯದ ಕಾಲು ಭಾಗ. ಜನವರಿಯಲ್ಲಿ ಬಂದದ್ದೆಲ್ಲ ಕೊಟ್ಟರೂ ಸಾಲಲಿಲ್ಲ! ವೀವ್ಸ್ ಇಳಿಯುತ್ತದೆ ಅಂತ ಮೊದಲೇ ಹೇಳಿದ್ದೆ. ಅದೇ ಹೊತ್ತಿಗೆ ಜಾಹೀರಾತು ಕೊಡುವವರೂ ಕೈ ಬಿಗಿ ಮಾಡುತ್ತಾರೆ, ಸಾವಿರ ವೀವ್ಸ್‌ಗೆ ಸಿಗುವ ಆದಾಯ, ಅಂದರೆ ಆರ್‌ಪಿಎಂ ಕೂಡ ಬಿತ್ತು. ಸಾಲದ್ದಕ್ಕೆ ಲೈಟು, ಮೈಕು ಕಂತಿನಲ್ಲಿ ತಂದಿದ್ದಳು. ಅದು ಮಾರ್ಚ್‌ವರೆಗೂ ನನ್ನ ತಲೆಗೆ.

ದಿನಕ್ಕೊಂದು: ಅಕ್ಟೋಬರನ್ನು ಕಳೆದ ಅಕ್ಟೋಬರ್ ಜೊತೆ ಹೋಲಿಸಿ, ಮುಗಿಯಿತು. ಸುಮ್ನೆ ಯಾಕೆ ಇಷ್ಟು ಗೋಳು?

ಲೆಕ್ಕದ ಮೇಷ್ಟ್ರು: ಮುಗಿಯುವುದಿಲ್ಲ ಸ್ವಾಮಿ. ದೀಪಾವಳಿಯ ನರಕ ಚತುರ್ದಶಿ 2023ರಲ್ಲಿ ನವೆಂಬರ್ 12, 2024ರಲ್ಲಿ ಅಕ್ಟೋಬರ್ 31, 2025ರಲ್ಲಿ ಅಕ್ಟೋಬರ್ 20. ಹಬ್ಬ ಹಿಂದಕ್ಕೆ ಜಾರಿದ್ದಕ್ಕೆ ಚಾನೆಲ್ ಬೆಳೆಯಿತು ಅಂತ ಕುಣಿಯುತ್ತೀರಿ. ತಿಂಗಳು ಬಿಡಿ. ಹಬ್ಬದ ದಿನಕ್ಕೆ ಹಬ್ಬದ ದಿನ ಹೊಂದಿಸಿ, ಅದರ ಹಿಂದುಮುಂದಿನ ವಾರಗಳನ್ನು ಹೋಲಿಸಿ.

ಆಮೇಲೆ, ಯೂಟ್ಯೂಬ್ ಸ್ಟುಡಿಯೋದಲ್ಲಿ ಹಬ್ಬದ ವಿಡಿಯೋಗಳನ್ನೆಲ್ಲ ಒಂದು ಗ್ರೂಪ್ ಮಾಡಿ. ಹಳೆಯವೂ ಸೇರಬೇಕು, ಜನ ಮರೆಯುವುದೇ ಅವನ್ನು. ವರ್ಷವೆಲ್ಲ ಮಲಗಿದ್ದ ವಿಡಿಯೋ ಹಬ್ಬ ಹತ್ತಿರ ಬಂದರೆ ಸರ್ಚ್‌ನಲ್ಲಿ ಎದ್ದು ಕೂರುತ್ತದೆ. ನನಗೆ ಹೋದ ಹಬ್ಬದ ತಿಂಗಳು ಒಟ್ಟು 90,000 ವೀವ್ಸ್. ಗ್ರೂಪಿನದು 56,000, ಉಳಿದದ್ದು 34,000. ಜುಲೈನಲ್ಲಿ ಈ 'ಉಳಿದದ್ದು' 29,000 ಇತ್ತು. ಹಾಗಾದರೆ 5,000 ನಿಜವಾದ ಏರಿಕೆಯಾ? ಪೂರ್ತಿ ಅಲ್ಲ. ಹಬ್ಬಕ್ಕೆ ಬಂದವರು ಎಂಡ್ ಸ್ಕ್ರೀನ್ ಒತ್ತಿ ಬೇರೆ ವಿಡಿಯೋಗೂ ಹೋಗಿರುತ್ತಾರೆ. ಹಬ್ಬದ ಗದ್ದಲ ಪೂರ್ತಿ ಇಳಿದ ಮೇಲೆ ನೋಡಿದರೆ ಆ 'ಉಳಿದದ್ದು' ತಿಂಗಳಿಗೆ 31,000ಕ್ಕೆ ನಿಂತಿತ್ತು. ನಾನು ಖರ್ಚು ಕಟ್ಟುವುದು ಅದರ ಮೇಲೆ.

ಶಾರ್ಟ್ಸ್ ಹುಡುಗ: ನನ್ನ ಶಾರ್ಟ್ಸ್ 2025ರ ಏಪ್ರಿಲ್‌ನಲ್ಲಿ, ಯಾವ ಹಬ್ಬವೂ ಇಲ್ಲದೆ ಜಿಗಿಯಿತು. ಇಳಿಯಲೇ ಇಲ್ಲ. ಇದಕ್ಕೇನು ಹೇಳುತ್ತೀರಿ ಮೇಷ್ಟ್ರೇ?

ಲೆಕ್ಕದ ಮೇಷ್ಟ್ರು: ಮಾರ್ಚ್ 31ರಿಂದ ಎಣಿಕೆಯೇ ಬದಲಾಯಿತು. ಶಾರ್ಟ್ ಶುರುವಾದರೆ ಸಾಕು, ವೀವ್ ಬಿತ್ತು. ಹಳೆಯ ಲೆಕ್ಕ ಬೇಕಾದರೆ 'ಎಂಗೇಜ್ಡ್ ವೀವ್ಸ್' ನೋಡಿ.

ಶಾರ್ಟ್ಸ್ ಹುಡುಗ: ಅಂದ್ರೆ ನಾನು ಬೆಳೆದಿದ್ದು ಸುಳ್ಳಾ? ನನ್ನ ಸಬ್‌ಸ್ಕ್ರೈಬರ್ಸ್ ಕೂಡ ಜಾಸ್ತಿ ಆಗಿದ್ದಾರೆ.

ದಿನಕ್ಕೊಂದು: 31,000 ಇಟ್ಟುಕೊಂಡು ಊರಿಗೆಲ್ಲ ಪಾಠ!

ಹೊಲಿಗೆಯಕ್ಕ: ಅವರ 31,000 ಜನವರಿಯಲ್ಲೂ ಇರುತ್ತದೆ, ನಿಮ್ಮದು ಎಷ್ಟಿರುತ್ತದೆ ಹೇಳಿ ನೋಡೋಣ. ಕೇಳಿದವರಿಗೆ ಒಂದು ಮಾತು: ತಿಂಗಳ ಸಂಬಳ ಬೇಡ, ಹಬ್ಬದ ವಾರಗಳಿಗೆ ಮಾತ್ರ ವಿಡಿಯೋಗೆ ಇಷ್ಟು ಅಂತ ಮಾತಾಡಿಕೊಳ್ಳಿ.

ದಿನಕ್ಕೊಂದು: ಆ ವಾರ ಎಲ್ಲರಿಗೂ ಎಡಿಟರ್ ಬೇಕು ಅಕ್ಕಾ. ಫೋನೇ ಎತ್ತುವುದಿಲ್ಲ ಅವರು.