‘ಸ್ವೀಕಾರ ಮಿತಿ 2’ ಎಂದರೆ ಯಾವುದು ಎರಡು?

ಮಾನ್ಯರೆ,
ಆಹಾರ ಪರೀಕ್ಷಾ ತಂತ್ರಜ್ಞರ ತರಬೇತಿಗಾಗಿ ಸಂಖ್ಯಾಶಾಸ್ತ್ರದ ಪ್ರಶ್ನೆಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಟ್ಟಿಗೆ ತಯಾರಾದ ಒಂದು ಲಾಟಿನಿಂದ ಐದು ಪ್ಯಾಕೆಟ್ ತೆಗೆದು ಮಾಡುವ ಹಾಲಿನ ಬ್ಯಾಕ್ಟೀರಿಯಾ ಎಣಿಕೆಯ ಒಂದು ಲೆಕ್ಕದಲ್ಲಿ n = 5, c = 2, m = 30,000, M = 50,000 ಎಂದು ಕೊಟ್ಟಿದ್ದೆ. c ಎಂಬುದಕ್ಕೆ ‘ಸ್ವೀಕಾರ ಮಿತಿ’ ಎಂದು ಬರೆದದ್ದೇ ತಪ್ಪಾಯಿತು. ಒಂದು ಮಿಲಿಲೀಟರಿಗೆ ಎರಡೇ ಬ್ಯಾಕ್ಟೀರಿಯಾ ಇರಬೇಕೆಂದು ತಿಳಿದು ಅರ್ಧ ತರಗತಿ ಲಾಟನ್ನೇ ತಿರಸ್ಕರಿಸಿತು. ಸ್ಯಾಂಪಲ್ ತೆಗೆಯುವ ಕ್ರಮಕ್ಕೆ ಕೊಟ್ಟಿದ್ದ ‘ಮಾದರಿ ಯೋಜನೆ’ ಎಂಬ ತಲೆಬರಹ ನೋಡಿದ ಹುಡುಗಿಯೊಬ್ಬಳು, “ಇದು ಯಾವ ಜಿಲ್ಲೆಯಲ್ಲಿ ಜಾರಿಯಾಗಿದೆ ಸಾರ್?” ಎಂದಳು. ಬೇರೆ ಪದಗಳಿದ್ದರೆ ತಿಳಿಸಿ.

— ನಿವೃತ್ತ ಗಣಿತ ಅಧ್ಯಾಪಕರು:
‘ಮಾದರಿ’ ಬಿಟ್ಟು ‘ನಮೂನೆ’ ಎನ್ನಿ. ‘ಮಿತಿ’ಯಲ್ಲಿ ಗೊಂದಲವೇನಿದೆ? ಐದರ ಸರಾಸರಿ ತೆಗೆದು 30,000ಕ್ಕೆ ಹೋಲಿಸಿದರೆ ಮುಗಿಯಿತು.

— ಡೇರಿ ಪ್ರಯೋಗಾಲಯದಿಂದ:
ಮೇಷ್ಟ್ರೇ, ‘ನಮೂನೆ’ ಎಂದರೆ ಕಚೇರಿಯವರು ಅರ್ಜಿ ಫಾರಂ ತಂದುಕೊಡುತ್ತಾರೆ. ಅದಿರಲಿ, ಸರಾಸರಿ ಇಲ್ಲಿ ನಡೆಯುವುದಿಲ್ಲ. ಒಂದು ಲಾಟಿನ ಐದು ಪ್ಯಾಕೆಟ್‌ಗಳಲ್ಲಿ 22,000, 35,000, 28,000, 41,000, 19,000 ಬಂತೆನ್ನಿ. 30,000 ದಾಟಿದವು ಎರಡು, 50,000 ದಾಟಿದ್ದು ಒಂದೂ ಇಲ್ಲ. ಲಾಟು ಪಾಸು. ಇನ್ನೊಂದರಲ್ಲಿ 12,000, 18,000, 15,000, 20,000, 52,000. ಸರಾಸರಿ 23,400, ಮೊದಲಿನದಕ್ಕಿಂತ ಕಡಿಮೆ. ಆದರೂ ಆ ಒಂದೇ ಪ್ಯಾಕೆಟ್ಟಿನಿಂದ ಲಾಟು ಬಿತ್ತು. m, M ಎರಡೂ ಎಣಿಕೆಗೆ ಹಾಕಿದ ಗೆರೆಗಳು, ಅವನ್ನು ‘ಮಿತಿ’ ಎನ್ನಬಹುದು. c ಪ್ಯಾಕೆಟ್‌ಗಳ ಲೆಕ್ಕ: ಕೆಳಗಿನ ಗೆರೆ ದಾಟಿ ಮೇಲಿನ ಗೆರೆ ದಾಟದವು ಎಷ್ಟಿದ್ದರೆ ಸಹಿಸಬಹುದು ಎಂಬುದು. ನಾವು ಬಾಯಲ್ಲಿ ‘ಎರಡಕ್ಕೆ ಮಾಫಿ’ ಎನ್ನುತ್ತೇವೆ. ಬರಹಕ್ಕೆ ‘ಸ್ವೀಕಾರ ಸಂಖ್ಯೆ’ ಸಾಕು. ಮಾದರಿಗೆ ‘ಸ್ಯಾಂಪಲ್’ ಎಂದೇ ಬರೆಯಿರಿ.

— ಶಿರಸಿಯ ಅಡಿಕೆ ವ್ಯಾಪಾರಿ:
ನಮ್ಮಲ್ಲಿ ಚೀಲದಿಂದ ಒಂದು ಹಿಡಿ ತೆಗೆದು ನೋಡಿ ದರ ಹೇಳುತ್ತಾರೆ. ಮೇಲಿನ ಹಿಡಿ ಚೆನ್ನಾಗಿಯೇ ಇರುತ್ತದೆ, ಚೀಲದ ತಳ ಯಾರಿಗೆ ಗೊತ್ತು? ದರದ ಮಿತಿಗೂ ಹೊಸ ಪದ ಬೇಕೇ?

— ಡೇರಿ ಪ್ರಯೋಗಾಲಯದಿಂದ:
ದರದ ಮಾತಲ್ಲ ಸ್ವಾಮಿ. ಆದರೆ ತಳದ ಮಾತು ಸರಿ. ಸಾಲ್ಮೊನೆಲ್ಲಾ ಎಂಬ ರೋಗಾಣುವಿನ ವಿಷಯದಲ್ಲಿ c = 0, ಮಾಫಿಯೇ ಇಲ್ಲ. ಹಾಗಿದ್ದೂ ಲಾಟಿನ ನೂರಕ್ಕೆ ಹತ್ತು ಪ್ಯಾಕೆಟ್ ಕೆಟ್ಟಿದ್ದರೆ, ಐದು ಸ್ಯಾಂಪಲ್ಲೂ ಶುದ್ಧವಾಗಿ ಬರುವ ಸಂಭವ 0.9 × 0.9 × 0.9 × 0.9 × 0.9, ಅಂದರೆ ಸುಮಾರು 0.59. ಅರ್ಧಕ್ಕಿಂತ ಹೆಚ್ಚು ಸಲ ಅಂಥ ಲಾಟು ಪಾಸಾಗುತ್ತದೆ.

— ಪ್ರಶ್ನೆ ಕೇಳಿದವರು:
‘ಸ್ವೀಕಾರ ಸಂಖ್ಯೆ’ ಒಪ್ಪಿದೆ. ಆದರೆ ಈ 0.59 ನೋಡಿದ ಮೇಲೆ ‘ಸ್ವೀಕಾರ’ವೇ ಚುಚ್ಚುತ್ತಿದೆ. ಆ ಪದ ಕೇಳಿದರೆ ಲಾಟು ಚೆನ್ನಾಗಿದೆ ಎಂದೇ ಮಕ್ಕಳು ತಿಳಿಯುತ್ತಾರೆ. ‘ತಡೆಯಲು ಕಾರಣ ಸಿಗಲಿಲ್ಲ’ ಎಂಬಷ್ಟನ್ನೇ ಹೇಳುವ ಪದ ಯಾರಲ್ಲಾದರೂ ಇದೆಯೇ?

— ಅಧ್ಯಾಪಕರು:
‘ಬಿಡುಗಡೆ’? ಸರಾಸರಿಯ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ, ‘ನಮೂನೆ’ಯನ್ನಲ್ಲ.