ರೆಪೊ 1% ಇಳಿದರೂ ಇಎಂಐ ಒಂದು ರೂಪಾಯಿ ಇಳಿದಿಲ್ಲ, ಎಲ್ಲಿ ಸಿಕ್ಕಿಕೊಂಡಿದೆ?

ತಿಪಟೂರು ತೆಂಗು (24 ಜುಲೈ 2025)
ಫೆಬ್ರವರಿಯಿಂದ ಜೂನ್ ಒಳಗೆ ಆರ್‌ಬಿಐ ಮೂರು ಸಲ ರೆಪೊ, ಅಂದರೆ ಬ್ಯಾಂಕುಗಳಿಗೆ ತಾನು ಸಾಲ ಕೊಡೋ ದರ, ಇಳಿಸಿದೆ. 6.50 ಇದ್ದದ್ದು 5.50ಕ್ಕೆ ಬಂದಿದೆ. ನನ್ನ ಮನೆ ಸಾಲಕ್ಕೆ ಈ ತಿಂಗಳೂ ಅದೇ 26,992 ಕಟ್ ಆಯ್ತು. ಬ್ರ್ಯಾಂಚಿಗೆ ಹೋದರೆ ‘ಸಿಸ್ಟಮ್ಮೇ ಮಾಡುತ್ತೆ’ ಅಂತಾರೆ. ಯಾರಿಗೆ ದೂರು ಕೊಡಬೇಕು ಹೇಳಿ.

ಧಾರವಾಡ ಪೇಡೆ
ನಿಮ್ದು ಎಂಸಿಎಲ್‌ಆರ್ ಸಾಲ ಇರಬೇಕ್ರಿ, ಅಂದ್ರ ಬ್ಯಾಂಕು ತನ್ನ ಖರ್ಚು ನೋಡಿ ತಾನ ಹಾಕೋ ದರದ್ದು. ನಮ್ಮಣ್ಣಂದೂ ಹಿಂಗ ಆಗಿತ್ತು. ಅದರಾಗ ಹೆಚ್ಚಾಗಿ ವರ್ಷಕ್ಕ ಒಮ್ಮೆ ಅಷ್ಟ ಬಡ್ಡಿ ಬದಲಾಗ್ತದ. ಅರ್ಜಿ ಕೊಟ್ಟು ರೆಪೊಕ್ಕ ಬದಲಿಸ್ಕೋರಿ.

ಹಳೇ ಕ್ಯಾಷಿಯರ್
ಸಾಲ ಯಾವಾಗ ತಗೊಂಡಿರಿ? ಬ್ಯಾಂಕೋ, ಹೌಸಿಂಗ್ ಫೈನಾನ್ಸ್ ಕಂಪನಿಯೋ? ಎಷ್ಟು ವರ್ಷಕ್ಕೆ? ಇಷ್ಟು ಹೇಳದೆ ಏನೂ ಹೇಳಕ್ಕಾಗಲ್ಲ.

ಧಾರವಾಡ ಪೇಡೆ
ಕೇಳೂದೇನೈತ್ರಿ ಸರ, ಎಂಸಿಎಲ್‌ಆರ್ ಅದ. ಇಎಂಐ ಅಲ್ಲಾಡಿಲ್ಲ ಅಂದ್ರ ಬ್ಯಾರೆ ಕಾರಣ ಇಲ್ಲ.

ತಿಪಟೂರು ತೆಂಗು
ಬ್ಯಾಂಕೇ ಸರ್. 2024 ಸೆಪ್ಟೆಂಬರ್ 20, 30 ಲಕ್ಷ, 20 ವರ್ಷ, ಆಗ ಬಡ್ಡಿ 9.00. ಇಎಂಐ ಪ್ರತಿ ತಿಂಗಳು 20ಕ್ಕೆ.

ಹಳೇ ಕ್ಯಾಷಿಯರ್
ಹಾಗಾದರೆ ಎಂಸಿಎಲ್‌ಆರ್ ಮಾತು ಬಿಡಿ. 2019ರ ಅಕ್ಟೋಬರ್ 1ರಿಂದ ಬ್ಯಾಂಕುಗಳು ಹೊಸದಾಗಿ ಕೊಡೋ ಫ್ಲೋಟಿಂಗ್ ಮನೆ ಸಾಲ ಹೊರಗಿನ ದರಕ್ಕೇ ಕಟ್ಟಿರಬೇಕು. ಹೆಚ್ಚಿನವು ರೆಪೊಗೆ ಕಟ್ಟಿವೆ. ನಿಮ್ಮ 9.00 ಅಂದರೆ ಆಗಿನ ರೆಪೊ 6.50, ಅದರ ಮೇಲೆ ಬ್ಯಾಂಕಿನ 2.50.

ರೆಪೊ ಇಳಿದ ದಿನವೇ ನಿಮಗೆ ಇಳಿಯಲ್ಲ, ಬ್ಯಾಂಕು ನಿಮ್ಮ ಬಡ್ಡಿಯನ್ನ ಹೊಸದಾಗಿ ಲೆಕ್ಕ ಹಾಕೋ ರೀಸೆಟ್ ದಿನಕ್ಕೆ ಇಳಿಯುತ್ತೆ. ಕನಿಷ್ಠ ಮೂರು ತಿಂಗಳಿಗೊಮ್ಮೆ ರೀಸೆಟ್ ಆಗಲೇಬೇಕು. ಸಾಲ ಕೊಟ್ಟ ದಿನದಿಂದ ಎಣಿಸಿದ್ದರೆ ಫೆಬ್ರವರಿ 7ರ ಇಳಿಕೆ ನಿಮಗೆ ಮಾರ್ಚ್ 20ಕ್ಕೆ ಬಂದು 8.75 ಆಗಿರುತ್ತೆ. ಏಪ್ರಿಲ್ 9ರದ್ದೂ ಜೂನ್ 6ರದ್ದೂ ಸೇರಿ ಜೂನ್ 20ಕ್ಕೆ 8.00. ನನ್ನ ಅಂದಾಜು, ಬಡ್ಡಿ ಇಳಿದಿದೆ. ಇಎಂಐ ಹಾಗೇ ಇಟ್ಟು ಕಂತುಗಳನ್ನ ಕಡಿಮೆ ಮಾಡಿದ್ದಾರೆ.

ಪಾಸ್‌ಬುಕ್ ನೋಡಿದರೆ ಇದು ತಿಳಿಯಲ್ಲ. ಸಾಲದ ಸ್ಟೇಟ್‌ಮೆಂಟ್ ತೆಗೆದು ಜುಲೈ 20ರ ಸಾಲಿನಲ್ಲಿ ಬಡ್ಡಿ ಎಷ್ಟು ಅಂತ ನೋಡಿ. ನಿಮ್ಮ ಬಾಕಿ ಸುಮಾರು 29.56 ಲಕ್ಷ ಇರಬೇಕು. ಬಡ್ಡಿ 19,700ರ ಹತ್ತಿರ ಇದ್ದರೆ 8.00 ಬಂದಿದೆ. 21,500 ಆಸುಪಾಸು ಇದ್ದರೆ ಜೂನ್ ರೀಸೆಟ್ ಆಗಿಲ್ಲ. 22,000 ದಾಟಿದ್ದರೆ ಏನೂ ಬಂದಿಲ್ಲ, ಆಗ ದೂರು ಕೊಡಿ.

ಕುಡ್ಲ ಮಳೆ
ನನ್ನದು 2018ರದ್ದು ಮಾರಾಯ್ರೆ, ಫೈನಾನ್ಸ್ ಕಂಪನಿಯ ಸಾಲ. ಇನ್ನೂ 9.60 ಉಂಟು. ಎಫ್‌ಡಿ ಬಡ್ಡಿ ಮಾತ್ರ ಎಲ್ಲರೂ ಕೂಡಲೇ ಇಳಿಸ್ತಾರೆ, ಅದನ್ನು ಯಾರೂ ಕೇಳುವುದಿಲ್ಲ.

ಧಾರವಾಡ ಪೇಡೆ
ಎಫ್‌ಡಿ ಮಾತು ಇಲ್ಲ್ಯಾಕ್ರಿ? ಹಳೇ ಎಫ್‌ಡಿಗೆ ಬರೆದ ಬಡ್ಡೀನ ಕೊಡ್ತಾರ, ಇಳಿಸೂದು ಹೊಸದಕ್ಕ ಅಷ್ಟ.

ಕುಡ್ಲ ಮಳೆ
ನನ್ನ ಅಮ್ಮನ ಎಫ್‌ಡಿ ಮೊನ್ನೆ ನವೀಕರಿಸಿದ್ದು. ನೀವು ನನಗೆ ಕಲಿಸುವುದು ಬೇಡ.

ಹಳೇ ಕ್ಯಾಷಿಯರ್
ಮಳೆಯವರೇ, ಹೊರಗಿನ ದರಕ್ಕೆ ಕಟ್ಟೋ ಆ ನಿಯಮ ಬ್ಯಾಂಕುಗಳಿಗೆ ಮಾತ್ರ. ಫೈನಾನ್ಸ್ ಕಂಪನಿ ತನ್ನದೇ ಮೂಲ ದರ ಇಟ್ಟುಕೊಳ್ಳಬಹುದು, ರೆಪೊ ಇಳಿದರೆ ಅದೂ ಇಳಿಯಲೇಬೇಕು ಅಂತಿಲ್ಲ. ಕಂಪನಿಯಲ್ಲಿ ದರ ಇಳಿಸಿಕೊಡ್ತೀರಾ ಕೇಳಿ. ಆಗದಿದ್ದರೆ ಬ್ಯಾಂಕಿಗೆ ವರ್ಗಾಯಿಸಿದರೆ ಎಷ್ಟು ಖರ್ಚು ಬರುತ್ತೆ ನೋಡಿ.

ತಿಪಟೂರು ತೆಂಗು
ಸರ್, ಸ್ಟೇಟ್‌ಮೆಂಟ್ ಸಿಕ್ಕಿತು. ಜುಲೈ ಬಡ್ಡಿ 19,710. ಜುಲೈ ಕಂತೂ ಸೇರಿ ಉಳಿದ ಕಂತು 198 ಅಂತ ತೋರಿಸ್ತಿದೆ. ಮೊದಲಿನ ಲೆಕ್ಕದಲ್ಲಿ 231 ಇರಬೇಕಿತ್ತು. 33 ಕಂತು ಕಮ್ಮಿ ಆಗಿದೆ, ನನಗೆ ಒಂದು ಮೆಸೇಜೂ ಇಲ್ಲ. ಆದರೆ ಮಗಳ ಫೀಸು ಇದೆ, ನನಗೆ ಈಗ ಬೇಕಿರೋದು ಕಡಿಮೆ ಇಎಂಐ.

ಹಳೇ ಕ್ಯಾಷಿಯರ್
231 ಕಂತು ಹಾಗೇ ಉಳಿಸಿಕೊಂಡರೆ ಇಎಂಐ ಸುಮಾರು 25,120 ಆಗುತ್ತೆ. ತಿಂಗಳಿಗೆ 1,870ರಷ್ಟು ಕೈಗೆ ಉಳಿಯುತ್ತೆ, ಬದಲಿಗೆ ಆ 33 ತಿಂಗಳೂ ಕಟ್ಟಬೇಕು. ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. 2023ರ ಆಗಸ್ಟ್ 18ರ ಆರ್‌ಬಿಐ ಸುತ್ತೋಲೆ ಪ್ರಕಾರ ಉಳಿದ ಕಂತು, ಬಡ್ಡಿ ದರ ಇರೋ ಸ್ಟೇಟ್‌ಮೆಂಟ್ ಪ್ರತಿ ತ್ರೈಮಾಸಿಕಕ್ಕೂ ನಿಮಗೆ ಸಿಗಬೇಕು. ಅದನ್ನೂ ಅರ್ಜಿಯಲ್ಲೇ ಕೇಳಿ.

ಧಾರವಾಡ ಪೇಡೆ
ಇಎಂಐ ಇಳಿಸ್ಕೋಬ್ಯಾಡ್ರಿ. ಮೂರು ವರ್ಷ ಮೊದಲ ಮುಗಿತದ ಅಲ್ರಿ.

ತಿಪಟೂರು ತೆಂಗು
ಫೀಸು ಈ ವರ್ಷವೇ ಕಟ್ಟಬೇಕು ಅಣ್ಣ.
ಇನ್ನೊಂದು ವಿಷಯ. ಅದೇ ಬ್ಯಾಂಕಲ್ಲಿ ಹೊಸ ಸಾಲ 7.75ಕ್ಕೆ ಸಿಗ್ತಿದೆ ಅಂತ ಬೋರ್ಡ್ ಹಾಕಿದ್ದಾರೆ. ನನಗೆ ಯಾಕೆ 8.00?

ಹಳೇ ಕ್ಯಾಷಿಯರ್
ಹೊಸಬರಿಗೆ ರೆಪೊ ಮೇಲೆ 2.25 ಇಟ್ಟಿದ್ದಾರೆ, ನಿಮ್ಮದು 2.50. ರೆಪೊ ಎಷ್ಟೇ ಇಳಿಯಲಿ, ಆ 2.50 ಅದರ ಜೊತೆ ಇಳಿಯಲ್ಲ. ಈ 2025ರ ಜುಲೈನಲ್ಲಿರೋ ನಿಯಮದಂತೆ ಬ್ಯಾಂಕಿನ ಖರ್ಚಿನ ಭಾಗ ಮೂರು ವರ್ಷಕ್ಕೊಮ್ಮೆ ಬದಲಾಗಬಹುದು. ನಿಮ್ಮ ಸಾಲದ ರಿಸ್ಕಿನ ಭಾಗ ನಿಮ್ಮ ಕ್ರೆಡಿಟ್ ಅಂದಾಜಿನಲ್ಲಿ ದೊಡ್ಡ ಬದಲಾವಣೆ ಆದರೆ ಮಾತ್ರ. ಸಿಬಿಲ್ ಸ್ಕೋರ್ ಆಗ ಎಷ್ಟಿತ್ತು, ಈಗ ಎಷ್ಟಿದೆ?

ಕುಡ್ಲ ಮಳೆ
ನನ್ನದು 812 ಉಂಟು. ಆದರೂ 9.60.

ತಿಪಟೂರು ತೆಂಗು (29 ಜುಲೈ)
ಇಎಂಐ ಅರ್ಜಿ ತಗೊಂಡು ಸೀಲ್ ಹಾಕಿಕೊಟ್ಟರು. 2.50ರ ವಿಚಾರ ಪ್ರಾದೇಶಿಕ ಕಚೇರಿಗೆ ಕಳಿಸ್ತೀವಿ ಅಂದರು. ಸ್ಕೋರ್ ಆಗ 731, ಈಗ 768. ಇಷ್ಟು ಬದಲಾವಣೆ ಸಾಕಾ ಸರ್?